ಮುಡಿ, ಉಡುಪು ಮತ್ತು ತರಗತಿ



ಕಾಸರಗೋಡು ಸೀಮೆಯಲ್ಲಿ ಯಕ್ಷಗಾನದ ಸ್ತ್ರೀವೇಷವನ್ನು ತಲೆಮಾರುಗಳಿಂದ ಗಂಡಸರೇ ನಿರ್ವಹಿಸುತ್ತ ಬಂದಿದ್ದಾರೆ. ಕೇರಳದ ಶಾಲಾ ಕಲೋತ್ಸವದಲ್ಲಿಯೂ ಯಕ್ಷಗಾನಕ್ಕೆ ಸ್ಪರ್ಧೆಯುಂಟು. ಹುಡುಗನೊಬ್ಬ ದ್ರೌಪದಿಯಾಗಿ ರಂಗಸ್ಥಳಕ್ಕೆ ಬಂದರೆ ಮನೆಯವರೂ ಅಧ್ಯಾಪಕರೂ ಹೆಮ್ಮೆಪಡುತ್ತಾರೆ. ಅದೇ ಹುಡುಗ ಕೂದಲನ್ನು ಹೆಗಲವರೆಗೆ ಬೆಳೆಸಿ, ಕಣ್ಣಿಗೆ ತೆಳುವಾಗಿ ಕಾಡಿಗೆ ತೀಡಿಕೊಂಡು ತರಗತಿಗೆ ಬಂದರೆ ಆ ಹೆಮ್ಮೆ ಉಳಿಯುವುದಿಲ್ಲ.

ಎಂಟನೆಯ ತರಗತಿಯ ಅಂಥ ಒಬ್ಬ ಹುಡುಗನನ್ನು ಕಲ್ಪಿಸಿಕೊಳ್ಳಬಹುದು. ಸಹಪಾಠಿಗಳು ಅವನನ್ನು 'ಹೆಣ್ಣಿಗ' ಎಂದು ಕೂಗುತ್ತಾರೆ. ಪ್ರಾರ್ಥನಾ ಸಭೆಯಲ್ಲಿ ಹೆಸರು ಹಿಡಿದು ಎದ್ದು ನಿಲ್ಲಿಸಿ, ನಾಳೆ ಕೂದಲು ಕತ್ತರಿಸಿಕೊಂಡು ಬರಬೇಕೆಂದು ಆಜ್ಞಾಪಿಸಲಾಗುತ್ತದೆ. ಮರುದಿನದಿಂದ ಅವನು ಸಭೆ ಮುಗಿದ ಮೇಲೆ ಬರತೊಡಗುತ್ತಾನೆ. ಆಟದ ಅವಧಿಯಿರುವ ದಿನ ಗೈರುಹಾಜರಾಗುತ್ತಾನೆ. ಶೌಚಾಲಯಕ್ಕೆ ಹೋಗುವುದನ್ನು ತಪ್ಪಿಸಲು ಮಧ್ಯಾಹ್ನ ನೀರು ಕುಡಿಯುವುದನ್ನೇ ಬಿಡುತ್ತಾನೆ. ಹಾಜರಿ ಪುಸ್ತಕದಲ್ಲಿ ಇದು ಸೋಮಾರಿತನದಂತೆ ಕಾಣುತ್ತದೆ. ಆದರೆ ಗೈರಾದ ದಿನಗಳನ್ನೂ ವೇಳಾಪಟ್ಟಿಯನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಅವನು ಯಾವುದಕ್ಕೆ ಹೆದರುತ್ತಿದ್ದಾನೆಂಬುದು ತಿಳಿಯುತ್ತದೆ.

ಇಲ್ಲಿ ಮೊದಲು ಕೇಳಬೇಕಾದದ್ದು, ನಿಯಮವಿರುವುದು ಯಾವುದಕ್ಕಾಗಿ ಎಂಬುದು. ಶುಚಿತ್ವಕ್ಕಾಗಿಯಾದರೆ ಹೇನಿಗೆ ಹೆಣ್ಣುಮಕ್ಕಳಿಗೆ ಹೇಳುವ ಉಪಾಯವನ್ನೇ ಅವನಿಗೂ ಹೇಳಬಹುದು. ಪ್ರಯೋಗಾಲಯದ ಸುರಕ್ಷತೆಗಾಗಿಯಾದರೆ ಜಡೆ ಕಟ್ಟಿದವರೆಲ್ಲರಂತೆ ಅವನೂ ಕೂದಲು ಕಟ್ಟಿಕೊಂಡರೆ ಸಾಕು. ತಿರುಪತಿಗೆ ಮುಡಿ ಕೊಡುವ ಹರಕೆಯಿದೆ ಎಂದು ತಂದೆ ಬಂದು ಹೇಳಿದರೆ ಅದೇ ಉದ್ದದ ಕೂದಲನ್ನು ಎಷ್ಟೋ ಶಾಲೆಗಳು ತಿಂಗಳುಗಟ್ಟಲೆ ಸಹಿಸಿಕೊಳ್ಳುತ್ತವೆ. ಹಾಗಾದರೆ ಆಕ್ಷೇಪವಿರುವುದು ಕೂದಲಿಗಲ್ಲ, ಅದು ಹೆಣ್ಣಿನಂತೆ ಕಾಣುವುದಕ್ಕೆ ಎಂದಾಗುತ್ತದೆ.

ಕಾನೂನಿನ ನಿಲುವನ್ನೂ ಅದರ ಮಿತಿಯನ್ನೂ ಸರಿಯಾಗಿ ತಿಳಿದಿರಬೇಕು. 2014ರ ಏಪ್ರಿಲ್ 15ರ ನಾಲ್ಸಾ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ಉಡುಪು ಮತ್ತು ನಡೆನುಡಿಗಳ ಮೂಲಕ ತನ್ನ ಲಿಂಗಭಾವವನ್ನು ತೋರುವುದು ಸಂವಿಧಾನದ 19ನೆಯ ವಿಧಿಯ ಅಭಿವ್ಯಕ್ತಿ ಸ್ವಾತಂತ್ರ್ಯದಲ್ಲಿ ಸೇರುತ್ತದೆ ಎಂದಿತು. ಆ ತೀರ್ಪು ಸಮವಸ್ತ್ರವನ್ನು ರದ್ದುಗೊಳಿಸಿಲ್ಲ. ಆದರೆ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಎಲ್ಲರೆದುರು ಮಗುವಿನ ಕೂದಲಿಗೆ ಕತ್ತರಿ ಹಾಕಿದವರು ಅದನ್ನು ಶಿಸ್ತುಕ್ರಮವೆಂದು ಸಮರ್ಥಿಸಿಕೊಳ್ಳಲಾಗದು.

ಸಮವಸ್ತ್ರವೂ ಬದಲಾಗದ ವಸ್ತುವೇನಲ್ಲ. ಎರ್ನಾಕುಳಂ ಜಿಲ್ಲೆಯ ವಳಯನ್‌ಚಿರಙ್ಙರ ಸರಕಾರಿ ಕಿರಿಯ ಪ್ರಾಥಮಿಕ ಶಾಲೆ 2018ರಲ್ಲಿ ಎಲ್ಲ ಮಕ್ಕಳಿಗೂ ಅಂಗಿ ಮತ್ತು ಮುಕ್ಕಾಲು ಚಡ್ಡಿಯನ್ನು ನಿಗದಿಪಡಿಸಿತು. ಲಂಗ ತೊಟ್ಟು ಓಡಲು, ಜಿಗಿಯಲು ಹಿಂಜರಿಯುತ್ತಿದ್ದ ಹುಡುಗಿಯರಿಗೆ ಇದರಿಂದ ಅನುಕೂಲವಾಯಿತು. 2021ರ ಡಿಸೆಂಬರ್‌ನಲ್ಲಿ ಕೋಝಿಕ್ಕೋಡು ಜಿಲ್ಲೆಯ ಬಾಲುಶ್ಶೇರಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಪ್ಯಾಂಟು-ಅಂಗಿ ಬಂದಾಗ ಕೆಲವು ಸಂಘಟನೆಗಳು ಪ್ರತಿಭಟಿಸಿದವು. ಅದೇ ವರ್ಷ ಕೇರಳದ ಉನ್ನತ ಶಿಕ್ಷಣ ಇಲಾಖೆ, ಅಧ್ಯಾಪಕಿಯರು ಸೀರೆಯನ್ನೇ ಉಡಬೇಕೆಂದು ಒತ್ತಾಯಿಸಬಾರದೆಂದು ಸಂಸ್ಥೆಗಳಿಗೆ ತಿಳಿಸಬೇಕಾಯಿತು. ಉದ್ಯೋಗಸ್ಥಳದ ಕಣ್ಣು ಅಧ್ಯಾಪಕರ ಮೇಲೂ ಇದ್ದೇ ಇದೆ. ಆದರೂ ಈ ಬದಲಾವಣೆಗಳೆಲ್ಲ ಹೆಣ್ಣುಮಕ್ಕಳನ್ನು ಗಂಡುಡುಗೆಯ ಕಡೆಗೋ ಅನುಕೂಲದ ಕಡೆಗೋ ಒಯ್ದವು. ಹೆಣ್ಣುಡುಗೆಯ ಕಡೆಗೆ ವಾಲುವ ಹುಡುಗನಿಗೆ ಇವುಗಳಿಂದ ದೊರೆತದ್ದು ಕಡಿಮೆ.

ಆ ಹುಡುಗನ ವಿಷಯಕ್ಕೆ ಮರಳಿದರೆ, ಅವನೊಡನೆ ಮಾತು ಇತರರ ಕಣ್ಣಿಗೆ ಕಾಣುವ, ಕಿವಿಗೆ ಕೇಳಿಸದ ಸ್ಥಳದಲ್ಲಿ ನಡೆಯಬೇಕು. ಜಗಲಿಯ ತುದಿ ಸಾಕು. 'ನೀನು ಹುಡುಗಿಯಾಗಬೇಕೆಂದಿರುವೆಯಾ?' ಎಂಬುದು ಕೇಳಬಾರದ ಪ್ರಶ್ನೆ. ಕೂದಲು ಬೆಳೆಸಿದವರೆಲ್ಲ ಲಿಂಗಾಂತರಿಗಳಲ್ಲ. ಕೆಲವರಿಗೆ ಅದು ವೇಷದ ಮೇಲಿನ ಮೋಹ, ಕೆಲವರಿಗೆ ಬರಿಯ ಇಷ್ಟ, ಕೆಲವರಿಗೆ ಅವರೇ ಇನ್ನೂ ಹೆಸರಿಡದ ಒಂದು ಭಾವ. 'ಯಾರಾದರೂ ತೊಂದರೆ ಕೊಡುತ್ತಿದ್ದಾರೆಯೇ, ಎಲ್ಲಿ, ಯಾವ ಹೊತ್ತಿನಲ್ಲಿ?' ಎಂದು ಕೇಳಿದರೆ ಉತ್ತರ ಬರುತ್ತದೆ. ಶಾಲೆ ಸರಿಪಡಿಸಬಹುದಾದದ್ದೂ ಅದನ್ನೇ. ಅಡ್ಡಹೆಸರು ಕೂಗಿದವರನ್ನು ಪ್ರತ್ಯೇಕವಾಗಿ ಕರೆದು ತಡೆಯಬೇಕು. ಅವನ ಹೆಸರೆತ್ತಿ ತರಗತಿಗೆ ಉಪದೇಶ ಮಾಡಿದರೆ ಕೂಗು ಇಮ್ಮಡಿಯಾಗುತ್ತದೆ.

ಅತಿ ಹೆಚ್ಚು ಹಾನಿಯಾಗುವುದು ಅವಸರದಿಂದ ಪೋಷಕರನ್ನು ಕರೆಸಿದಾಗ. ಶಾಲೆಯಿಂದ ದೂರು ಬಂದಿತೆಂಬ ಅವಮಾನಕ್ಕೆ ತಂದೆಯೋ ಅಣ್ಣನೋ ಕೈಯೆತ್ತಿದರೆ ಆ ಪೆಟ್ಟಿನಲ್ಲಿ ಶಾಲೆಯ ಪಾಲೂ ಇರುತ್ತದೆ. ಆದ್ದರಿಂದ ಮನೆಯಲ್ಲಿ ಯಾರಿಗೆ ತಿಳಿದಿದೆ, ಯಾರೊಡನೆ ಮಾತಾಡಿದರೆ ಅವನಿಗೆ ಭಯವಿಲ್ಲ ಎಂಬುದನ್ನು ಅವನಿಂದಲೇ ಮೊದಲು ತಿಳಿಯಬೇಕು. ಅನೇಕ ಮನೆಗಳಲ್ಲಿ ಅದು ಅಜ್ಜಿಯೋ ಸೋದರಮಾವನೋ ಆಗಿರುತ್ತಾರೆ. ಮೈಮೇಲೆ ಬಾಸುಂಡೆ ಕಂಡರೆ, ಮನೆಗೆ ಹೋಗಲಾರೆನೆಂದು ಅವನು ಹೇಳಿದರೆ, ಮನೆಯವರೊಡನೆ ಸಂಧಾನಕ್ಕೆ ಕಾಯದೆ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಬೇಕು. ಅಂಥದ್ದೇನೂ ಇಲ್ಲದಿದ್ದರೆ ಪೋಷಕರ ಭೇಟಿಯಲ್ಲಿ ಹಾಜರಿ ಮತ್ತು ಕಲಿಕೆಯ ಮಾತು ಮೊದಲು ಬರಲಿ. ಕೂದಲಿನ ಮಾತನ್ನು ಅವರೇ ಎತ್ತಿದರೆ, ಅವನು ಅದನ್ನು ಕಟ್ಟಿಕೊಂಡೇ ಶಾಲೆಗೆ ಬರುತ್ತಿದ್ದಾನೆಂದು ಹೇಳಬಹುದು.