ವಿಶ್ವ ಹಿಗ್ಗುತ್ತೆ, ಸೌರವ್ಯೂಹ ಯಾಕೆ ಹಿಗ್ಗಲ್ಲ?

ತುಂಬಾ ಜನ ಕೇಳೋ ಪ್ರಶ್ನೆ ಇದು: ವಿಶ್ವ ಹಿಗ್ತಾ ಇದ್ರೆ ನಮಗೂ ಸೂರ್ಯನಿಗೂ ಇರೋ ದೂರ ಕೂಡ ಹಿಗ್ಬೇಕಲ್ವಾ?

ಲೆಕ್ಕ ಹಾಕೋಣ. ವಿಶ್ವದ ದೂರಗಳು ಈಗ ವರ್ಷಕ್ಕೆ ಸುಮಾರು 1,400 ಕೋಟಿಯಲ್ಲಿ ಒಂದು ಪಾಲು ಹೆಚ್ಚುತ್ತಿವೆ. ಸೂರ್ಯ ಇರೋದು 15 ಕೋಟಿ ಕಿಲೋಮೀಟರ್ ದೂರದಲ್ಲಿ. ಇದೇ ದರ ಇಲ್ಲೂ ನಡೆದಿದ್ರೆ ಆ ದೂರ ವರ್ಷಕ್ಕೆ 10 ಮೀಟರ್‌ನಷ್ಟು ಜಾಸ್ತಿ ಆಗ್ಬೇಕಿತ್ತು. ಗ್ರಹಗಳ ದೂರವನ್ನು ರೇಡಾರ್‌ನಿಂದ, ನೌಕೆಗಳ ರೇಡಿಯೊ ಸಿಗ್ನಲ್‌ನಿಂದ ದಶಕಗಳಿಂದ ಅಳೀತಿದ್ದಾರೆ. ಅಂಥ ಹೆಚ್ಚಳ ಕಂಡಿಲ್ಲ.

ಯಾಕಂದ್ರೆ ಹಿಗ್ಗುವಿಕೆ ಎಲ್ಲವನ್ನೂ ಜಗ್ಗೋ ರಬ್ಬರ್ ಶೀಟ್ ಅಲ್ಲ. ನನಗಂತೂ ಆ ಹೋಲಿಕೆಯೇ ದಾರಿ ತಪ್ಪಿಸುತ್ತೆ ಅನ್ಸುತ್ತೆ. ಆರಂಭದಲ್ಲಿ ಎಲ್ಲವೂ ಒಂದರಿಂದೊಂದು ದೂರ ಸರೀತಿತ್ತು. ವಸ್ತು ಸ್ವಲ್ಪ ದಟ್ಟವಾಗಿದ್ದ ಕಡೆ ಗುರುತ್ವ ಆ ಓಟವನ್ನು ನಿಲ್ಲಿಸಿ, ವಾಪಸ್ ಎಳೆದು ಗ್ಯಾಲಕ್ಸಿ ಮಾಡಿತು. ಸೂರ್ಯ ಹುಟ್ಟಿದ್ದು ಅದಾದ ಮೇಲೆ. ಅಂದ್ರೆ ನಮ್ಮಲ್ಲಿ ಆ ಓಟ ಯಾವತ್ತೋ ಮುಗಿದಿದೆ. ಪರಮಾಣುವಿನ ಗಾತ್ರವನ್ನಂತೂ ವಿದ್ಯುತ್ ಸೆಳೆತ ಮತ್ತು ಕ್ವಾಂಟಂ ನಿಯಮಗಳೇ ನಿರ್ಧರಿಸೋದು.

25 ಲಕ್ಷ ಜ್ಯೋತಿರ್ವರ್ಷ ದೂರದ ಆಂಡ್ರೊಮಿಡಾ ಕೂಡ ಸೆಕೆಂಡಿಗೆ ಸುಮಾರು 110 ಕಿ.ಮೀ. ವೇಗದಲ್ಲಿ ನಮ್ಮ ಕಡೆಗೇ ಬರ್ತಿದೆ! ಸುಮಾರು 5 ಕೋಟಿ ಜ್ಯೋತಿರ್ವರ್ಷ ಆಚೆಗಿನ ಕನ್ಯಾ ಗ್ಯಾಲಕ್ಸಿ ಗುಂಪು ಮಾತ್ರ ಸೆಕೆಂಡಿಗೆ ಸುಮಾರು 1,000 ಕಿ.ಮೀ. ವೇಗದಲ್ಲಿ ದೂರ ಹೋಗ್ತಿದೆ.