ಎಣಿಕೆ ಯಾರ ಲೆಕ್ಕಕ್ಕೆ?

2021ರ ಏಪ್ರಿಲ್ 28ರ ಸಂಜೆ ನಾಲ್ಕಕ್ಕೆ ಹದಿನೆಂಟು ತುಂಬಿದವರಿಗೆಲ್ಲ ಕೋವಿನ್‌ನಲ್ಲಿ ಲಸಿಕೆ ನೋಂದಣಿ ಶುರುವಾಯಿತು. ಮುಂದಿನ ವಾರಗಳಲ್ಲಿ ದೇಶದ ಎಲ್ಲೆಡೆಯಂತೆ ಕಲ್ಯಾಣ, ಡೊಂಬಿವಲಿ, ನವಿ ಮುಂಬಯಿಯಲ್ಲೂ ಸ್ಲಾಟ್‌ಗಾಗಿ ಪರದಾಟ. ಕೋಡ್ ಬಲ್ಲವರು ಸ್ಕ್ರಿಪ್ಟ್ ಬರೆದು ಕೂತರು. ಅದಕ್ಕೆ ಬೇಕಾದ ಎಪಿಐಯನ್ನು ಸರ್ಕಾರವೇ ಪ್ರಕಟಿಸಿತ್ತು. ಅದರಲ್ಲಿ ಠಾಣೆ ಜಿಲ್ಲೆಯ ಸಂಖ್ಯೆ 392.

```
GET /api/v2/appointment/sessions/public/calendarByDistrict?district_id=392&date=05-05-2021
```

ಇದರಲ್ಲಿರುವ `public` ಎಂಬ ಪದವನ್ನು ಗಮನಿಸಬೇಕು. ಸ್ಲಾಟ್ ನೋಡುವುದಕ್ಕೆ ಟೋಕನ್ ಬೇಕಿರಲಿಲ್ಲ. ಕಾಯ್ದಿರಿಸುವುದಕ್ಕೆ ಮೊಬೈಲಿಗೆ ಬಂದ ಒಟಿಪಿ ಕೊಟ್ಟು ಟೋಕನ್ ಪಡೆಯಬೇಕಿತ್ತು. ಇಂಥ ವ್ಯವಸ್ಥೆಯ ಮುಂದೆ ನಿಲ್ಲುವ ಗೇಟ್‌ವೇ ಮೊದಲು ಓದುವುದು ಕೋರಿಕೆಯಲ್ಲಿರುವ ಈ ದಾರಿಯನ್ನೇ. ನೋಡುವ ಕೋರಿಕೆಗೆ ಕ್ಯಾಶ್‌ನಿಂದಲೇ ಉತ್ತರ ಸಿಗುತ್ತದೆ. ಕಾಯ್ದಿರಿಸುವ ಕೋರಿಕೆಯಾದರೆ ಟೋಕನ್ನಿನ ಸಹಿ, ಅವಧಿ ಎರಡನ್ನೂ ಪರೀಕ್ಷಿಸಿ, ಸರಿಯಿಲ್ಲದಿದ್ದರೆ 401 ಎಂದು ಅಲ್ಲೇ ತಡೆಯುತ್ತದೆ; ಸರಿಯಿದ್ದರೆ ಮಾತ್ರ ಒಳಗಿನ ಸೇವೆಗೆ ದಾಟಿಸುತ್ತದೆ.

ಕೋವಿನ್ ಪ್ರಕಟಿಸಿದ ಮಿತಿ ಹೀಗಿತ್ತು: ಒಂದು ಐಪಿ ವಿಳಾಸಕ್ಕೆ ಐದು ನಿಮಿಷಕ್ಕೆ 100 ಕೋರಿಕೆ. ಐದು ಸೆಕೆಂಡಿಗೊಮ್ಮೆ ಕೇಳುವ ಸ್ಕ್ರಿಪ್ಟ್ ಅಷ್ಟು ಹೊತ್ತಿಗೆ 60 ಸಲ ಕೇಳುತ್ತದೆ, ತೊಂದರೆಯಿಲ್ಲ. ಅದೇ ಮನೆಯ ವೈಫೈಯಲ್ಲಿ ತಮ್ಮನೂ ಒಂದನ್ನು ಓಡಿಸಿದರೆ 120 ಆಗಿ ಇಬ್ಬರಿಗೂ ಬಾಗಿಲು ಮುಚ್ಚುತ್ತದೆ. ಮೊಬೈಲ್ ಕಂಪನಿಗಳಂತೂ ನೂರಾರು ಗ್ರಾಹಕರನ್ನು ಒಂದೇ ಐಪಿವಿ4 ವಿಳಾಸದ ಹಿಂದೆ ಕೂರಿಸುತ್ತವೆ. ಅಲ್ಲಿ ಯಾರದೋ ಸ್ಕ್ರಿಪ್ಟಿನಿಂದಾಗಿ, ಮೊದಲ ಸಲ ಆ್ಯಪ್ ತೆರೆದವರಿಗೂ ನಿರಾಕರಣೆ ಬರಬಹುದು. ಇದು ಅನ್ಯಾಯ; ಮಿತಿಯನ್ನು 100ರಿಂದ 200ಕ್ಕೆ ಏರಿಸಿದರೆ ಹೋಗುವ ಅನ್ಯಾಯವೂ ಅಲ್ಲ.

ಲಾಗ್ ನೋಡಿದರೆ ಇದರ ಗುರುತು ಸಿಗುತ್ತದೆ. ತಡೆಯಲಾದ ಒಂದು ವಿಳಾಸದಿಂದ ಬೇರೆ ಬೇರೆ ಫೋನುಗಳು, ಬೇರೆ ಬೇರೆ ಟೋಕನ್‌ಗಳು ಬಂದಿದ್ದರೆ ಅದು ಹಲವರು ಹಂಚಿಕೊಂಡ ವಿಳಾಸ. ಒಂದೇ ಕೋರಿಕೆ ಗಡಿಯಾರದ ಲಯದಲ್ಲಿ ಬರುತ್ತಿದ್ದರೆ ಅದು ಸ್ಕ್ರಿಪ್ಟ್.

ಆದ್ದರಿಂದ ಟೋಕನ್ ಇರುವಲ್ಲಿ ಮೊದಲು ಅದನ್ನು ಪರೀಕ್ಷಿಸಿ, ಆಮೇಲೆ ಬಳಕೆದಾರರ ಲೆಕ್ಕದಲ್ಲಿ ಎಣಿಸುವುದು ಸರಿ. ಐಪಿ ಮಿತಿ ಹೊರಬೇಲಿಯಾಗಿ ಸಡಿಲವಾಗಿರಲಿ. ಟೋಕನ್ ಇಲ್ಲದ ಕಡೆ, 392ರ ಉತ್ತರ ಎಲ್ಲರಿಗೂ ಒಂದೇ ಆದ್ದರಿಂದ ಕ್ಯಾಶ್ ಸಾಕು. ಕೋವಿನ್‌ನ ಸಾರ್ವಜನಿಕ ಮಾಹಿತಿ 30 ನಿಮಿಷದವರೆಗೆ ಹಳೆಯದಿರಬಹುದು ಎಂದೂ ಪ್ರಕಟಣೆ ಹೇಳಿತ್ತು. ಸೆಕೆಂಡಿಗೊಮ್ಮೆ ಕೇಳಿದವರಿಗೆ ಹೆಚ್ಚಿನ ಲಾಭವೇನೂ ಇರಲಿಲ್ಲ. ತಡೆಯುವಾಗ 429 ಜೊತೆಗೆ `Retry-After` ಕಳಿಸಿದರೆ, ಸಭ್ಯವಾಗಿ ಬರೆದ ಪ್ರೋಗ್ರಾಂ ಅಷ್ಟು ಹೊತ್ತು ಕಾಯುತ್ತದೆ.

ಚರ್ಚಿಸಬೇಕಾದ ತೊಡಕು ಇನ್ನೊಂದಿದೆ. ಗೇಟ್‌ವೇ ಮೂರು ಯಂತ್ರಗಳಲ್ಲಿ ಓಡುತ್ತಾ ಪ್ರತಿಯೊಂದೂ ತನ್ನಷ್ಟಕ್ಕೆ ಎಣಿಸಿದರೆ, 100ರ ಮಿತಿ 300ರವರೆಗೆ ಹಿಗ್ಗುತ್ತದೆ. ಎಣಿಕೆಯನ್ನು ರೆಡಿಸ್‌ನಂಥ ಒಂದೇ ಕಡೆ ಇಟ್ಟರೆ ಲೆಕ್ಕ ಸರಿಹೋಗುತ್ತದೆ, ಆದರೆ ಪ್ರತಿ ಕೋರಿಕೆಯೂ ಅಲ್ಲಿಗೆ ಹೋಗಿಬರಬೇಕು. ಆ ರೆಡಿಸ್ ಕೈಕೊಟ್ಟ ಗಳಿಗೆಯಲ್ಲಿ ಎಲ್ಲರನ್ನೂ ಒಳಬಿಡಬೇಕೋ, ಎಲ್ಲರನ್ನೂ ತಡೆಯಬೇಕೋ ಎಂಬುದನ್ನು ಮೊದಲೇ ತೀರ್ಮಾನಿಸಿ ಬರೆದಿಟ್ಟಿರಬೇಕು.