ಒಟ್ಟು ತಾಳೆಯಾದ ತಿಂಗಳು: ಮಾರಾಟದ ಅಂದಾಜು ಮತ್ತು ಅದರ ತಪ್ಪಿನ ಲೆಕ್ಕ

ಊದುಬತ್ತಿ ತಯಾರಿಸುವ ಒಂದು ಮಧ್ಯಮ ಗಾತ್ರದ ಕಾರ್ಖಾನೆಯನ್ನು ಊಹಿಸಿಕೊಳ್ಳಿ. ಆಗಸ್ಟ್ ತಿಂಗಳಲ್ಲಿ 2000 ಪೆಟ್ಟಿಗೆ ಹೋಗಬಹುದು ಎಂದು ಅಂದಾಜು ಮಾಡಿದ್ದರು, ಹೋದದ್ದೂ 2000. ಮಾರಾಟ ವಿಭಾಗಕ್ಕೆ ಸಂತೋಷವೋ ಸಂತೋಷ. ಆದರೆ ಅದೇ ತಿಂಗಳು ಉಗ್ರಾಣದಲ್ಲಿ ಗಂಧದ ಬತ್ತಿ ರಾಶಿ ಬಿದ್ದಿತ್ತು, ಮಲ್ಲಿಗೆಗಾಗಿ ಸ್ಟಾಕಿಸ್ಟರು ದಿನವೂ ಫೋನ್ ಮಾಡುತ್ತಿದ್ದರು.

ಒಳಗಿನ ಲೆಕ್ಕ ಹೀಗಿತ್ತು. ಗಂಧ 1000 ಎಂದುಕೊಂಡದ್ದು 800 ಹೋಯಿತು. ಮಲ್ಲಿಗೆ 600 ಎಂದುಕೊಂಡದ್ದು 750, ಸಂಪಿಗೆ 100ರ ಬದಲು 40, ಗುಲಾಬಿ 300ರ ಬದಲು 410. ಹೆಚ್ಚೂ ಕಡಿಮೆಯೂ ಒಂದನ್ನೊಂದು ನುಂಗಿ ಒಟ್ಟಿನಲ್ಲಿ ಸೊನ್ನೆಯಾಯಿತು. ಯೋಜನೆ ಮಾಡುವವರು ಒಟ್ಟನ್ನು ತಯಾರಿಸುವುದಿಲ್ಲ. ಗಂಧವನ್ನು, ಮಲ್ಲಿಗೆಯನ್ನು ಬೇರೆ ಬೇರೆಯಾಗಿ ತಯಾರಿಸುತ್ತಾರೆ. ಆದ್ದರಿಂದ ವ್ಯತ್ಯಾಸಗಳನ್ನು ಚಿಹ್ನೆ ಬಿಟ್ಟು ಕೂಡಬೇಕು: 200, 150, 60, 110, ಮೊತ್ತ 520. ಅದನ್ನು ವಾಸ್ತವ ಮಾರಾಟ 2000ದಿಂದ ಭಾಗಿಸಿದರೆ ಶೇ 26. ತಿಂಗಳಿಗೊಮ್ಮೆ ಕಳಿಸಬೇಕಾದ ಅಂಕಿ ಇದು. ಅಂದಾಜು B ಕಾಲಮ್ಮಿನಲ್ಲೂ ವಾಸ್ತವ C ಕಾಲಮ್ಮಿನಲ್ಲೂ ಇದ್ದರೆ ಎಕ್ಸೆಲ್‌ನಲ್ಲಿ ಒಂದೇ ಸಾಲು ಸಾಕು:

```
=SUMPRODUCT(ABS(C2:C5-B2:B5))/SUM(C2:C5)
```

ಪ್ರತಿ ಬಗೆಗೂ ಶೇಕಡಾ ತೆಗೆದು ಸರಾಸರಿ ಮಾಡಬಾರದೇ ಎಂದು ಕೇಳುವವರಿದ್ದಾರೆ. ಮಾಡಿ ನೋಡಿ. ಗಂಧ 25, ಮಲ್ಲಿಗೆ 20, ಗುಲಾಬಿ ಸುಮಾರು 27; ಸಂಪಿಗೆ ಮಾತ್ರ 150. ಸರಾಸರಿ 55 ದಾಟುತ್ತದೆ. ಎಲ್ಲಕ್ಕಿಂತ ಕಡಿಮೆ ಹೋಗುವ ಬಗೆ ಇಡೀ ವರದಿಯನ್ನು ಹಿಡಿದು ಆಡಿಸುತ್ತದೆ. ಸಂಪಿಗೆ ಒಂದೂ ಹೋಗದ ತಿಂಗಳಲ್ಲಂತೂ ಭಾಗಿಸಲೇ ಆಗದು.

ಇಷ್ಟು ಸುಲಭ. ಕಷ್ಟವಿರುವುದು ಯಾವ ಅಂದಾಜನ್ನು ಯಾವ ವಾಸ್ತವಕ್ಕೆ ಹೋಲಿಸಬೇಕು ಎಂಬಲ್ಲಿ. ಆಗಸ್ಟ್‌ನ ಅಂದಾಜನ್ನು ಮೇ ಕೊನೆಗೆ ಒಮ್ಮೆ ಹಾಕುತ್ತಾರೆ, ಜೂನ್‌ನಲ್ಲಿ ತಿದ್ದುತ್ತಾರೆ, ಜುಲೈ ಕೊನೆಗೆ ಮತ್ತೆ ತಿದ್ದುತ್ತಾರೆ. ಕೊನೆಯದನ್ನೇ ಅಳೆದರೆ ತಪ್ಪು ಕಡಿಮೆ ಕಾಣುವುದು ಸಹಜ. ಆದರೆ ಕಚ್ಚಾ ಬತ್ತಿ, ಸುಗಂಧ, ಅಚ್ಚಾದ ಡಬ್ಬಿಗಳು ಆರ್ಡರ್ ಕೊಟ್ಟ ಮೇಲೆ ಬರಲು ಎರಡು ತಿಂಗಳು ಬೇಕಿದ್ದರೆ, ಹಣ ಹೂಡಿದ್ದು ಮೇ ಅಂದಾಜನ್ನು ನಂಬಿ. ಅಳೆಯಬೇಕಾದದ್ದೂ ಅದನ್ನೇ. ಹಾಗಾಗಿ ಆರ್ಡರ್ ಕೊಡುವ ದಿನ ಆ ಅಂದಾಜಿನ ಹಾಳೆಯ ಒಂದು ಪ್ರತಿಯನ್ನು ಬೇರೆ ತೆಗೆದಿಟ್ಟು, ಅದಕ್ಕೆ ಯಾರೂ ಕೈ ಹಾಕದಂತೆ ನೋಡಿಕೊಳ್ಳಬೇಕು. ಹಳೆಯ ಅಂಕಿಯ ಮೇಲೆಯೇ ಹೊಸದನ್ನು ಬರೆಯುವ ಅಭ್ಯಾಸವಿರುವ ಕಚೇರಿಯಲ್ಲಿ ಈ ಲೆಕ್ಕ ಶುರುವಾಗುವುದೇ ಇಲ್ಲ. ಮಾರಾಟದ ಗುರಿಯನ್ನೇ ಅಂದಾಜು ಎಂದು ಕಳಿಸುವ ಚಾಳಿ ಇನ್ನೊಂದು. ಗುರಿ ಹುರಿದುಂಬಿಸುವುದಕ್ಕೆ ಇರುವುದು, ಅದನ್ನು ನಂಬಿ ಸುಗಂಧ ಕೊಳ್ಳಲಾಗದು.

ವಾಸ್ತವದ ಅಂಕಿಯೂ ಮುಗ್ಧವಲ್ಲ. ಮಲ್ಲಿಗೆ 750 ಹೋಯಿತು ಎಂದೆನಲ್ಲ, 22ನೇ ತಾರೀಖಿಗೇ ದಾಸ್ತಾನು ಮುಗಿದಿದ್ದರೆ? ಆಗ 750 ಎಂಬುದು ಬೇಡಿಕೆಯಲ್ಲ, ನಮ್ಮಲ್ಲಿದ್ದ ಸರಕು. ನಿಜವಾದ ತಪ್ಪು 150ಕ್ಕಿಂತ ದೊಡ್ಡದು. ಪೂರೈಸಲಾಗದ ಆರ್ಡರುಗಳನ್ನು ಬರೆದಿಟ್ಟಿದ್ದರೆ ಸೇರಿಸಿ. ಇಲ್ಲದಿದ್ದರೆ ಆ ಸಾಲಿಗೆ ‘ಸರಕು ಮುಗಿದಿತ್ತು’ ಎಂದು ಗುರುತು ಹಾಕಿ. ತಿಂಗಳ ಕೊನೆಯ ಮೂರು ದಿನ ಸ್ಕೀಮ್ ಕೊಟ್ಟು ಸ್ಟಾಕಿಸ್ಟರಿಗೆ ತುಂಬಿಸಿದ ಮಾಲು ಕೂಡ ಹೀಗೆಯೇ. ಈ ತಿಂಗಳ ತಪ್ಪನ್ನು ಅದು ಮುಚ್ಚುತ್ತದೆ, ಮುಂದಿನ ತಿಂಗಳು ಎರಡರಷ್ಟು ತೆರೆಯುತ್ತದೆ.

ಶೇ 26 ಒಳ್ಳೆಯದೋ ಕೆಟ್ಟದ್ದೋ? ಅಂಕಿಯೊಂದನ್ನೇ ನೋಡಿ ಹೇಳಲಾಗದು. ಏನೂ ತಲೆಕೆಡಿಸಿಕೊಳ್ಳದೆ ಕಳೆದ ವರ್ಷದ ಇದೇ ತಿಂಗಳ ಮಾರಾಟವನ್ನು ಅಂದಾಜು ಎಂದು ಇಟ್ಟುಕೊಂಡಿದ್ದರೆ ಎಷ್ಟು ತಪ್ಪಾಗುತ್ತಿತ್ತು ಎಂದೂ ಪಕ್ಕದಲ್ಲಿ ಬರೆಯಬೇಕು. ಅದಕ್ಕಿಂತ ನಮ್ಮದು ಹೆಚ್ಚಾದರೆ ಸಭೆ ಸೇರಿ ಚರ್ಚಿಸಿದ್ದೆಲ್ಲ ವ್ಯರ್ಥ. ಆದರೆ ನಮ್ಮ ಹಬ್ಬಗಳು ಇಂಗ್ಲಿಷ್ ತಿಂಗಳಿಗೆ ಕಟ್ಟುಬಿದ್ದಿಲ್ಲ. 2022ರಲ್ಲಿ ಗಣೇಶನ ಹಬ್ಬ ಆಗಸ್ಟ್ 31ಕ್ಕೆ ಬಂತು. 2023ರಲ್ಲಿ ಅಧಿಕ ಶ್ರಾವಣ ಸೇರಿ ಸೆಪ್ಟೆಂಬರ್ ಮೂರನೇ ವಾರಕ್ಕೆ ಸರಿಯಿತು. ಅಂಗಡಿಯವರು ಹಬ್ಬಕ್ಕೆ ಮುಂಚೆಯೇ ಮಾಲು ತುಂಬಿಸಿಕೊಳ್ಳುವುದರಿಂದ ಖರೀದಿಯೂ ಸರಿಯುತ್ತದೆ. ಅಂಥ ವರ್ಷ ಆಗಸ್ಟ್ ಮತ್ತು ಸೆಪ್ಟೆಂಬರ್ ಎರಡನ್ನೂ ಕೂಡಿಸಿ ಹೋಲಿಸುವುದೇ ನ್ಯಾಯ.

ಇನ್ನು ಚಿಹ್ನೆಯ ವಿಷಯ. ಮೊದಲು ಬಿಟ್ಟ ಚಿಹ್ನೆಯನ್ನು ಎರಡನೇ ಸಾಲಿನಲ್ಲಿ ವಾಪಸು ತರಬೇಕು, ಬಗೆಬಗೆಗೆ, ಆರು ತಿಂಗಳು ಒಟ್ಟಿಗೆ. ಒಂದು ತಿಂಗಳು ಹೆಚ್ಚು, ಒಂದು ತಿಂಗಳು ಕಡಿಮೆ ಆಗುತ್ತಿದ್ದರೆ ಅದು ಮಾರುಕಟ್ಟೆಯ ಏರಿಳಿತ. ತುಸು ಕಾಯ್ದಿಟ್ಟ ದಾಸ್ತಾನು ಅದನ್ನು ತಾಳಿಕೊಳ್ಳುತ್ತದೆ. ಗಂಧದ ಅಂದಾಜು ಆರೂ ತಿಂಗಳು ಮಾರಾಟಕ್ಕಿಂತ ಮೇಲೇ ನಿಂತಿದ್ದರೆ ಮಾತು ಬೇರೆ. ನಾಣ್ಯ ಚಿಮ್ಮಿದರೂ ಆರು ಬಾರಿ ಒಂದೇ ಮುಖ ಬೀಳುವ ಸಂಭವ 32ರಲ್ಲಿ 1. ಅಲ್ಲಿ ಯಾರೋ ಆಸೆಯಿಂದ ಅಂಕಿ ಹಾಕುತ್ತಿದ್ದಾರೆ, ಇಲ್ಲವೇ ಗಿರಾಕಿ ಬೇರೆ ಪರಿಮಳಕ್ಕೆ ಹೊರಳಿದ್ದಾನೆ. ಯಾವುದೆಂದು ಅಂಕಿ ಹೇಳದು. ಆ ಪ್ರದೇಶದ ಮಾರಾಟಗಾರನನ್ನೇ ಕೇಳಬೇಕು. ಅವನ ಉತ್ತರ ಬರುವ ತನಕ ಮುಂದಿನ ಗಂಧದ ಆರ್ಡರನ್ನು ಆ ಆರು ತಿಂಗಳ ಸರಾಸರಿ ಹೆಚ್ಚಳದಷ್ಟು ಇಳಿಸಿ ಕೊಡುವ ಅಧಿಕಾರ ಯೋಜನೆಯವರಿಗೆ ಇರಬೇಕು.